ತುಂಬಿದ ಇನ್‌ಬಾಕ್ಸ್, ಬಾರದ ಒಟಿಪಿ: ಎರಡು ಅವಧಿಯ ಒಂದು ಅಭ್ಯಾಸ ಪಾಠ

ತರಗತಿ: ಪ್ರಥಮ ಪಿಯುಸಿ
ವಿಷಯ: ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ
ಅವಧಿ: 45 ನಿಮಿಷಗಳ ಎರಡು ತರಗತಿಗಳು
ವಿದ್ಯಾರ್ಥಿಗಳ ಸಂಖ್ಯೆ: 36 (ಮೂವರಂತೆ 12 ಗುಂಪು)

ಪಾಠದ ಹಿನ್ನೆಲೆ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ಒಬ್ಬ ವಿದ್ಯಾರ್ಥಿನಿ ಊಟದ ಬಿಡುವಿನಲ್ಲಿ ಬಂದು, "ಮೇಡಂ, ಸ್ಕಾಲರ್‌ಶಿಪ್ ಅರ್ಜಿ ಹಾಕ್ತಾ ಇದ್ದೀನಿ. ಒಟಿಪಿ ಕಳಿಸಿದ್ದೀವಿ ಅಂತ ತೋರಿಸುತ್ತೆ, ಆದರೆ ಮೇಲ್ ಬರೋದೇ ಇಲ್ಲ. ಆರು ಸಲ ಒತ್ತಿದೆ" ಎಂದಳು. ಅರ್ಜಿಗೆ ಇನ್ನು ಮೂರು ದಿನ ಮಾತ್ರ ಉಳಿದಿತ್ತು. ಸ್ಪ್ಯಾಮ್ ನೋಡಿದೆಯಾ ಎಂದು ಕೇಳಿದೆ. ನೋಡಿದ್ದಳು. ಅವಳ ಮೊಬೈಲಿನಲ್ಲಿ ಜಿಮೇಲ್ ತೆರೆದಾಗ ಮೇಲ್ಭಾಗದಲ್ಲಿ ಒಂದು ಎಚ್ಚರಿಕೆ ಇತ್ತು. ಅವಳು ಅದನ್ನು ಜಾಹೀರಾತೆಂದು ತಿಳಿದು ಹಲವು ದಿನಗಳಿಂದ ಬದಿಗೆ ಸರಿಸುತ್ತಿದ್ದಳು. ಖಾತೆಯ 15 ಜಿಬಿ ಜಾಗವೂ ತುಂಬಿದೆ ಎಂಬುದೇ ಆ ಎಚ್ಚರಿಕೆ.

ಜಾಗ ತುಂಬಿದೆ ಎಂದು ಹೇಳಿದ ರಾತ್ರಿಯೇ ಅವಳು ಕುಳಿತು ಸುಮಾರು 400 ಜಾಹೀರಾತು ಮೇಲ್‌ಗಳನ್ನು ಡಿಲೀಟ್ ಮಾಡಿದಳು. ಮರುದಿನವೂ ಒಟಿಪಿ ಬರಲಿಲ್ಲ. ಅವಳ ಶ್ರಮ ಏಕೆ ವ್ಯರ್ಥವಾಯಿತು ಎಂಬುದನ್ನು ವಿವರಿಸಲು ಹೊರಟಾಗ, ಇದು ಒಬ್ಬಳ ತೊಂದರೆಯಲ್ಲ, ಒಂದು ಪೂರ್ಣ ಪಾಠಕ್ಕೆ ಆಗುವ ವಿಷಯ ಎಂದು ತಿಳಿಯಿತು. ಅದನ್ನು ಯೋಜಿಸಿ ಬೋಧಿಸಿದ ಬಗೆ, ಅದರಲ್ಲಿ ನಾನು ಮಾಡಿದ ತಪ್ಪು ಮತ್ತು ತಿದ್ದಿಕೊಂಡ ಕ್ರಮವನ್ನು ಇಲ್ಲಿ ದಾಖಲಿಸಿದ್ದೇನೆ.

ಪೂರ್ವಜ್ಞಾನ ಮತ್ತು ನಿರೀಕ್ಷಿತ ಕಲಿಕೆ

ಎಲ್ಲ ವಿದ್ಯಾರ್ಥಿಗಳಿಗೂ ಮೇಲ್ ತೆರೆಯಲು, ಓದಲು, ಕಡತ ಲಗತ್ತಿಸಲು ಬರುತ್ತಿತ್ತು. ಕೆಬಿ, ಎಂಬಿ, ಜಿಬಿ ಎಂಬ ಹೆಸರುಗಳು ಗೊತ್ತಿದ್ದವು. ಒಂದು ಇನ್ನೊಂದಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂಬ ಅಂದಾಜು ಇರಲಿಲ್ಲ. ಪಾಠ ಮುಗಿದಾಗ ವಿದ್ಯಾರ್ಥಿಗಳು ಮೂರು ಕೆಲಸ ಮಾಡಬಲ್ಲವರಾಗಬೇಕೆಂದು ಗುರಿ ಇಟ್ಟುಕೊಂಡೆ. ದೃಢೀಕರಣ ಮೇಲ್ ಬಾರದಿದ್ದಾಗ ಕಾರಣ ಜಾಗದ ಕೊರತೆಯೇ ಎಂದು ಪರೀಕ್ಷಿಸಿ ಹೇಳುವುದು. ಬೇಕಾದ ಪತ್ರಗಳನ್ನು ಮೊದಲು ಕಾಪಾಡಿ, ನಂತರ ಜಾಗ ತೆರವು ಮಾಡುವುದು. ತೆರವಾದದ್ದು ನಿಜವೇ ಎಂದು ಖಚಿತಪಡಿಸಿಕೊಂಡು ಆಮೇಲೆ ಹೊಸ ಒಟಿಪಿ ಕೇಳುವುದು.

ವಿದ್ಯಾರ್ಥಿಗಳ ಸ್ವಂತ ಇನ್‌ಬಾಕ್ಸನ್ನು ಪರದೆಯ ಮೇಲೆ ತೋರಿಸಬಾರದೆಂದು ಮೊದಲೇ ನಿರ್ಧರಿಸಿದ್ದೆ. ಅದರಲ್ಲಿ ಮನೆಯ ಹಣದ ಪತ್ರಗಳೂ ಖಾಸಗಿ ಮಾತುಗಳೂ ಇರುತ್ತವೆ. ಆದ್ದರಿಂದ ಪಾಠಕ್ಕಾಗಿಯೇ ಒಂದು ಜಿಮೇಲ್ ಖಾತೆ ತೆರೆದು, ಅದಕ್ಕೆ ಸಣ್ಣವೂ ದೊಡ್ಡವೂ ಆದ 40 ಮೇಲ್‌ಗಳನ್ನು ಕಳುಹಿಸಿಟ್ಟುಕೊಂಡೆ. ಮೊದಲ ಅವಧಿಗೆ ರಟ್ಟಿನ ಚೀಟಿಗಳನ್ನು ಸಿದ್ಧಪಡಿಸಿದೆ.

ಮೊದಲ ಹಂತ: ಮರಳಿ ಹೋದ ಪತ್ರ ಯಾರ ಕೈಗೆ?

ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸಿದೆ: "ಅಂಚೆಯವರು ರಿಜಿಸ್ಟರ್ಡ್ ಪತ್ರ ತಂದಾಗ ಮನೆಯಲ್ಲಿ ಯಾರೂ ಇಲ್ಲ. ಪತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ?" ಕಳುಹಿಸಿದವರಿಗೆ ಎಂದು ಹಲವರು ಹೇಳಿದರು. "ಹಾಗಾದರೆ ಮರಳಿ ಹೋಯಿತೆಂದು ಮೊದಲು ತಿಳಿಯುವುದು ಯಾರಿಗೆ?" ಅದೂ ಕಳುಹಿಸಿದವರಿಗೇ.

ಮೇಲ್‌ನಲ್ಲೂ ಹಾಗೆಯೇ. ಖಾತೆಯ ಜಾಗ ತುಂಬಿದಾಗ ಪಡೆಯುವವರ ಸರ್ವರ್ ಹೊಸ ಮೇಲನ್ನು ಒಳಗೆ ಬಿಡುವುದಿಲ್ಲ. ಕಾರಣವನ್ನು ಸಂಖ್ಯೆಯ ರೂಪದಲ್ಲಿ ಕಳುಹಿಸಿದವರಿಗೆ ತಿಳಿಸುತ್ತದೆ. ಜಿಮೇಲ್ ಕೊಡುವ ಉತ್ತರ ಹೀಗಿರುತ್ತದೆ:

```
552 5.2.2 The recipient's inbox is out of storage space and inactive.
```

ಗೆಳತಿಗೆ ಮೇಲ್ ಕಳುಹಿಸಿದ್ದರೆ ಈ ಉತ್ತರ ನಮ್ಮ ಇನ್‌ಬಾಕ್ಸಿಗೆ ಬಂದು ನಾವು ಓದುತ್ತಿದ್ದೆವು. ಆದರೆ ಒಟಿಪಿ ಕಳುಹಿಸುವುದು ಯಂತ್ರ. ಉತ್ತರ ಬರುವುದೂ ಆ ಯಂತ್ರಕ್ಕೇ. ಅರ್ಜಿಯ ಪುಟ ಮಾತ್ರ "ಕಳುಹಿಸಲಾಗಿದೆ" ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಅದರ ಕಡೆಯಿಂದ ಮೇಲ್ ಹೊರಟಿರುವುದು ನಿಜ. ಹೀಗಾಗಿ ತೊಂದರೆ ಯಾರಿಗೆ ಆಗಿದೆಯೋ ಅವರಿಗೆ ಸುದ್ದಿ ತಲುಪುವುದೇ ಇಲ್ಲ.

ಸಂಖ್ಯೆಯ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಕೊನೆಯ ಎರಡು ಅಂಕಿಗಳಾದ 2.2 ಎಂದರೆ ಅಂಚೆಪೆಟ್ಟಿಗೆ ತುಂಬಿದೆ. ಮುಂದಿನ ಅಂಕಿ 5 ಆಗಿದ್ದರೆ ಮೇಲನ್ನು ಕೈಬಿಡಲಾಗಿದೆ. 4 ಆಗಿದ್ದರೆ, ಅಂದರೆ 4.2.2 ಎಂದಿದ್ದರೆ, ಸದ್ಯಕ್ಕೆ ಆಗುತ್ತಿಲ್ಲ, ಮತ್ತೆ ಪ್ರಯತ್ನಿಸಬಹುದು ಎಂದರ್ಥ. 5.1.1 ಎಂದು ಬಂದರೆ ಅದು ಬೇರೆಯೇ ತೊಂದರೆ: ಆ ವಿಳಾಸವೇ ಇಲ್ಲ, ಬಹುಶಃ ಬರೆಯುವಾಗ ಅಕ್ಷರ ತಪ್ಪಿದೆ.

ಇದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಸಿಗುತ್ತದೆ. ಒಟಿಪಿ ಬಾರದಿದ್ದರೆ ಮತ್ತೆ ಮತ್ತೆ ಒತ್ತುವ ಬದಲು, ಇನ್ನೊಬ್ಬರ ಖಾತೆಯಿಂದ ನಿಮ್ಮ ವಿಳಾಸಕ್ಕೆ ಒಂದು ಸಾಲಿನ ಮೇಲ್ ಕಳುಹಿಸಲು ಹೇಳಿ. ಅದು ನಿಮಗೆ ಬಂದರೆ ಇನ್‌ಬಾಕ್ಸ್ ಸರಿಯಿದೆ. ಸ್ಪ್ಯಾಮ್ ನೋಡಿ, ಅರ್ಜಿಯಲ್ಲಿ ಬರೆದ ವಿಳಾಸ ನೋಡಿ. ಅವರಿಗೆ 5.2.2 ಎಂದು ಮರಳಿ ಬಂದರೆ ಜಾಗ ತುಂಬಿದೆ. ಎರಡೂ ಆಗದೆ ಮೌನವಿದ್ದರೆ 4.2.2 ಇರಬಹುದು, ಅವರ ಸರ್ವರ್ ಇನ್ನೂ ಪ್ರಯತ್ನಿಸುತ್ತಿರಬಹುದು. ಅಂಥ ಸಂದರ್ಭದಲ್ಲಿ ಖಾತೆಯ ಜಾಗದ ಲೆಕ್ಕವನ್ನೇ ನೋಡಬೇಕು.

ಎರಡನೆಯ ಹಂತ: ಚೀಟಿಗಳ ಚಟುವಟಿಕೆ

ಪ್ರತಿ ಗುಂಪಿಗೂ 20 ಚೀಟಿಗಳ ಒಂದು ಲಕೋಟೆ ಕೊಟ್ಟೆ. ಒಂದೊಂದು ಚೀಟಿಯೂ ಒಂದೊಂದು ಮೇಲ್. ಅದರ ಮೇಲೆ ಕಳುಹಿಸಿದವರು, ವಿಷಯ, ವರ್ಷ ಮತ್ತು ಗಾತ್ರ ಬರೆದಿತ್ತು. 11 ಚೀಟಿಗಳು ಅಂಗಡಿಗಳ ಜಾಹೀರಾತು, ತಲಾ 60 ಕೆಬಿ. ಐದು ಚೀಟಿಗಳು ಅರ್ಜಿ ಸಂಖ್ಯೆ, ಶುಲ್ಕದ ರಸೀದಿ, ಪ್ರವೇಶಪತ್ರದಂಥವು, ತಲಾ 200 ಕೆಬಿ. ಉಳಿದ ನಾಲ್ಕು ದೊಡ್ಡವು: ಶಾಲಾ ಪ್ರವಾಸದ ವಿಡಿಯೋ 22 ಎಂಬಿ, ವಾರ್ಷಿಕೋತ್ಸವದ ನೃತ್ಯದ ವಿಡಿಯೋ 20 ಎಂಬಿ, ಸೈಬರ್ ಸೆಂಟರಿನಿಂದ ಬಂದ `scan001` ಎಂಬ ಕಡತ 14 ಎಂಬಿ, ಹಬ್ಬದ ಫೋಟೋಗಳು 9 ಎಂಬಿ. ಎರಡು ವಿಡಿಯೋ ಮತ್ತು ಹಬ್ಬದ ಫೋಟೋಗಳ ಚೀಟಿಯ ಹಿಂಬದಿಯಲ್ಲಿ "ಕಂಪ್ಯೂಟರಿನಲ್ಲಿ ಪ್ರತಿ ಇದೆ" ಎಂದು ಬರೆದಿತ್ತು. `scan001` ಚೀಟಿಯ ಹಿಂಬದಿಯಲ್ಲಿ "ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಜಾತಿ-ಆದಾಯ ಪ್ರಮಾಣಪತ್ರ, ಬೇರೆಲ್ಲೂ ಪ್ರತಿ ಇಲ್ಲ" ಎಂದಿತ್ತು. ಹಿಂಬದಿ ನೋಡಿ ಎಂದು ನಾನು ಹೇಳಲಿಲ್ಲ. ಮೇಲನ್ನು ತೆರೆದು ನೋಡುವುದಕ್ಕೆ ಅದು ಸಮ.

ಕೆಲಸ ಇಷ್ಟೇ: ಬೇಕಾದದ್ದನ್ನು ಕಳೆದುಕೊಳ್ಳದೆ 50 ಎಂಬಿ ಜಾಗ ಮಾಡಬೇಕು. ಸಮಯ ಎಂಟು ನಿಮಿಷ.

ಏಳು ಗುಂಪುಗಳು ಮೊದಲು ಜಾಹೀರಾತುಗಳನ್ನೇ ತೆಗೆದವು. 11 ಚೀಟಿ ತೆಗೆದಾಗ ರಾಶಿ ಅರ್ಧಕ್ಕಿಂತ ಕಡಿಮೆಯಾಯಿತು, ಮಕ್ಕಳಿಗೆ ಕೆಲಸ ಮುಗಿದಂತೆ ಅನ್ನಿಸಿತು. ಕೂಡಿಸಿ ನೋಡಿ ಎಂದೆ. 660 ಕೆಬಿ. ಒಂದು ಎಂಬಿಯೂ ಆಗಲಿಲ್ಲ. "ಮೇಡಂ, ಇಷ್ಟೊಂದು ತೆಗೆದ್ರೂ ಇಷ್ಟೇನಾ?" ಎಂದು ಒಬ್ಬ ಹುಡುಗ ಕೇಳಿದ. ಈ ಪಾಠದ ತಿರುಳು ಆ ಪ್ರಶ್ನೆಯಲ್ಲೇ ಇತ್ತು. ಜಾಗವನ್ನು ತಿನ್ನುವುದು ಮೇಲ್‌ಗಳ ಸಂಖ್ಯೆಯಲ್ಲ, ಗಾತ್ರ. ಪ್ರವಾಸದ ಒಂದು ವಿಡಿಯೋದ ಜಾಗದಲ್ಲಿ 60 ಕೆಬಿಯ ಜಾಹೀರಾತುಗಳು 370ಕ್ಕೂ ಹೆಚ್ಚು ಹಿಡಿಸುತ್ತವೆ. ನಮ್ಮ ವಿದ್ಯಾರ್ಥಿನಿ ರಾತ್ರಿಯೆಲ್ಲ ಕುಳಿತು ಅಳಿಸಿದ 400 ಮೇಲ್‌ಗಳ ಒಟ್ಟು ಗಾತ್ರ 24 ಎಂಬಿಯ ಆಸುಪಾಸು.

ಆಮೇಲೆ ಎಲ್ಲ ಗುಂಪುಗಳೂ ದೊಡ್ಡ ಚೀಟಿಗಳತ್ತ ತಿರುಗಿದವು. ಎರಡು ವಿಡಿಯೋ ತೆಗೆದರೆ 42 ಎಂಬಿ. ಇನ್ನೂ 8 ಬೇಕು. ಇಲ್ಲಿ ನಾಲ್ಕು ಗುಂಪುಗಳು `scan001` ಚೀಟಿಯನ್ನು ತೆಗೆದುಹಾಕಿದವು. ಹೆಸರಿನಿಂದ ಅದು ಏನೆಂದು ತಿಳಿಯುತ್ತಿರಲಿಲ್ಲ, ಗಾತ್ರ ದೊಡ್ಡದಿತ್ತು, ಕಳುಹಿಸಿದವರು ಯಾವುದೋ ಸೈಬರ್ ಸೆಂಟರ್. ಹಿಂಬದಿ ತಿರುಗಿಸಿದಾಗ ಆ ಗುಂಪುಗಳು ಸುಮ್ಮನಾದವು. ಉಳಿದ ಎಂಟು ಗುಂಪುಗಳು 9 ಎಂಬಿಯ ಹಬ್ಬದ ಫೋಟೋಗಳನ್ನು ತೆಗೆದು 51 ಎಂಬಿ ಮಾಡಿದ್ದವು.

ಚಟುವಟಿಕೆಯ ಕೊನೆಯಲ್ಲಿ ಮಕ್ಕಳೇ ಹೇಳಿದ ಎರಡು ಮಾತುಗಳನ್ನು ಹಲಗೆಯ ಮೇಲೆ ಬರೆದೆ. ಮುಖ್ಯವಾದ ಪತ್ರಗಳು ಸಾಮಾನ್ಯವಾಗಿ ಹಗುರ. ಆದ್ದರಿಂದ ಜಾಗ ಮಾಡಲು ಅವನ್ನು ಮುಟ್ಟುವ ಅಗತ್ಯವೇ ಇಲ್ಲ. ಆದರೆ ಸ್ಕ್ಯಾನ್ ಮಾಡಿದ ದಾಖಲೆ ಇದಕ್ಕೆ ಹೊರತು. ಅದು ಮುಖ್ಯವೂ ಹೌದು, ಭಾರವೂ ಹೌದು. ಆದ್ದರಿಂದ ದೊಡ್ಡ ಮೇಲನ್ನು ತೆರೆದು ನೋಡದೆ ಅಳಿಸಬಾರದು.

ಮೂರನೆಯ ಹಂತ: ಖಾತೆಯಲ್ಲಿ ಮಾಡುವ ಕ್ರಮ

ಎರಡನೆಯ ಅವಧಿ ಕಂಪ್ಯೂಟರ್ ಕೊಠಡಿಯಲ್ಲಿ ನಡೆಯಿತು. ವಿದ್ಯಾರ್ಥಿನಿಯ ಅನುಮತಿ ಪಡೆದು, ಅವಳ ಹೆಸರು ಹೇಳದೆ, ಅವಳ ಖಾತೆಯ ಲೆಕ್ಕವನ್ನು ಮಾತ್ರ ಹಲಗೆಯ ಮೇಲೆ ಬರೆದೆ. ಈ ಲೆಕ್ಕ `one.google.com/storage` ಪುಟದಲ್ಲಿ ಸಿಗುತ್ತದೆ: ಫೋಟೋಸ್ 9.7 ಜಿಬಿ, ಡ್ರೈವ್ 2.6 ಜಿಬಿ, ಜಿಮೇಲ್ 2.7 ಜಿಬಿ, ಒಟ್ಟು 15. ಮೂರಕ್ಕೂ ಸೇರಿ ಇರುವುದು ಒಂದೇ 15 ಜಿಬಿ ಎಂಬುದು ಬಹುತೇಕ ಮಕ್ಕಳಿಗೆ ಹೊಸ ವಿಷಯ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಸೇರುವ ಹೊಸ ಚಿತ್ರಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದರಲ್ಲೇ ಜಾಗ ಹಿಡಿಯುತ್ತದೆ. ಅವಳ ಡ್ರೈವ್‌ನಲ್ಲಿದ್ದ 2.6 ಜಿಬಿಯಲ್ಲಿ ಹೆಚ್ಚಿನ ಪಾಲು ಅದೇ. ಮೇಲ್ ಬರುತ್ತಿಲ್ಲವಾದರೂ ಜಾಗ ತಿಂದದ್ದು ಮೇಲ್ ಅಲ್ಲ ಎಂಬುದು ಈ ಲೆಕ್ಕದಿಂದ ಕಾಣುತ್ತದೆ.

ಆದರೆ ಅರ್ಜಿಗೆ ಎರಡೇ ದಿನ ಇದ್ದಾಗ 9.7 ಜಿಬಿ ಫೋಟೋಗಳನ್ನು ಆರಿಸಲು ಕೂರುವುದು ಅಪಾಯ. ಅವಸರದಲ್ಲಿ ಅಳಿಸಿದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಒಟಿಪಿಯ ಮೇಲ್ ಕೆಲವು ಹತ್ತು ಕೆಬಿಯಷ್ಟೇ ಇರುತ್ತದೆ. ಲೆಕ್ಕ 15 ಜಿಬಿಗಿಂತ ಕೆಳಗೆ ಇಳಿದು ಕೆಲವು ನೂರು ಎಂಬಿ ಖಾಲಿಯಾದರೂ ಸದ್ಯದ ಕೆಲಸ ಆಗುತ್ತದೆ. ಆದ್ದರಿಂದ ತುರ್ತಿನ ದಿನ ಸುರಕ್ಷಿತವಾದ ಸ್ವಲ್ಪವನ್ನು ತೆಗೆಯುವುದು, ಉಳಿದದ್ದನ್ನು ನಿಧಾನವಾಗಿ ನೋಡುವುದು ಎಂದು ಕೆಲಸವನ್ನು ಎರಡಾಗಿ ಒಡೆದೆವು.

ಮೊದಲ ಕೆಲಸ, ಒಂದು ಸೆಟ್ಟಿಂಗ್ ಬದಲಾಯಿಸುವುದು. ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನೂ ಅವುಗಳ ಉತ್ತರಗಳನ್ನೂ ಒಂದೇ ಸಾಲಿನಲ್ಲಿ ಗೊಂಚಲಾಗಿ ತೋರಿಸುತ್ತದೆ. ಗೊಂಚಲಿನಲ್ಲಿ ಎಷ್ಟು ಮೇಲ್ ಇವೆ ಎಂಬುದು ಹೆಸರಿನ ಪಕ್ಕದ ಸಣ್ಣ ಅಂಕಿಯಲ್ಲಿ ಇರುತ್ತದೆ. ನಾವು ದೊಡ್ಡ ಮೇಲ್ ಹುಡುಕಿದಾಗ ಗೊಂಚಲಿನ ಒಂದೇ ಮೇಲ್ ಹೊಂದಿಕೆಯಾದರೂ ಇಡೀ ಸಾಲು ಕಾಣಿಸುತ್ತದೆ. ಆ ಸಾಲನ್ನು ಅಳಿಸಿದರೆ ಎಲ್ಲವೂ ಹೋಗುತ್ತವೆ. ಕಾಲೇಜಿನೊಂದಿಗೆ ನಡೆದ ಏಳು ಮೇಲ್‌ಗಳ ವ್ಯವಹಾರದಲ್ಲಿ ಒಂದರಲ್ಲಿ ಭಾರವಾದ ಚಿತ್ರವಿದ್ದರೆ, ಅದನ್ನು ತೆಗೆಯಲು ಹೋಗಿ ಪ್ರವೇಶದ ದೃಢೀಕರಣವನ್ನೂ ಕಳೆದುಕೊಳ್ಳಬಹುದು. ಇದನ್ನು ತಪ್ಪಿಸಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹಲ್ಲುಗಾಲಿಯ ಗುರುತು ಒತ್ತಿ, `See all settings` ಒಳಗೆ `General` ಪುಟದಲ್ಲಿ `Conversation view off` ಆರಿಸಿ, ಕೆಳಗೆ `Save Changes` ಒತ್ತಬೇಕು. ಈಗ ಒಂದೊಂದು ಮೇಲ್ ಒಂದೊಂದು ಸಾಲಾಗಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಹಿಂದಿನಂತೆ ಮಾಡಿಕೊಳ್ಳಬಹುದು.

ಎರಡನೆಯ ಕೆಲಸ, ದೊಡ್ಡ ಮೇಲ್‌ಗಳನ್ನು ಹುಡುಕುವುದು. ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು:

```
has:attachment larger:10M
```

10 ಎಂಬಿಗಿಂತ ದೊಡ್ಡದಾದ, ಲಗತ್ತು ಇರುವ ಮೇಲ್‌ಗಳು ಮಾತ್ರ ಬರುತ್ತವೆ. ಅವಳ ಖಾತೆಯಲ್ಲಿ 31 ಮೇಲ್ ಬಂದವು. 31 ಎಂದರೆ ಒಂದೊಂದನ್ನೂ ತೆರೆದು ನೋಡಲು ಆಗುವಷ್ಟು. ಅರ್ಧ ಗಂಟೆ ಸಾಕು. ಬೇಕಾದ ಮೇಲ್ ಸಿಕ್ಕಾಗ ನಕ್ಷತ್ರ ಹಾಕಬೇಕು. ಬೇಕಾದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿಂದ ತೆರೆದು, ಎಲ್ಲ ಪುಟಗಳೂ ಕಾಣುತ್ತವೆಯೇ ಎಂದು ನೋಡಬೇಕು. ಇಳಿದಿದೆ ಎಂಬುದು ಸಾಲದು, ತೆರೆಯಬೇಕು. ಹೀಗೆ ನೋಡಿದಾಗ ಅವಳಿಗೂ ಒಂದು ಸ್ಕ್ಯಾನ್ ಸಿಕ್ಕಿತು: ತಂದೆಯ ಹೆಸರಿನ ಪಹಣಿ ಮತ್ತು ಆದಾಯ ಪ್ರಮಾಣಪತ್ರ. ಸ್ಕಾಲರ್‌ಶಿಪ್ ಅರ್ಜಿಗೆ ಅವಳು ಹುಡುಕುತ್ತಿದ್ದ ದಾಖಲೆಯೇ ಅದು. ಅದಕ್ಕೂ ಇನ್ನೊಂದಕ್ಕೂ ನಕ್ಷತ್ರ ಹಾಕಿ, ಹೀಗೆ ಹುಡುಕಿದೆವು:

```
has:attachment larger:10M -is:starred
```

ಮುಂದಿನ ಅಡ್ಡಗೆರೆಗೆ "ಇವನ್ನು ಬಿಟ್ಟು" ಎಂದರ್ಥ. ನಕ್ಷತ್ರವಿಲ್ಲದ 29 ಮೇಲ್ ಉಳಿದವು. ಅವನ್ನು ಡಿಲೀಟ್ ಮಾಡಿದೆವು. ಅವುಗಳ ಗಾತ್ರ ಸುಮಾರು 400 ಎಂಬಿ.

ಮೂರನೆಯ ಕೆಲಸವನ್ನು ಅವಳು ಮೊದಲ ರಾತ್ರಿ ಬಿಟ್ಟಿದ್ದಳು. ಡಿಲೀಟ್ ಮಾಡಿದ ಮೇಲ್ ಹೋಗುವುದು ಕಸದ ಬುಟ್ಟಿಗೆ. ಪರದೆಯಲ್ಲಿ ಅದರ ಹೆಸರು `Bin` ಅಥವಾ `Trash`. ಅಲ್ಲಿ ಅದು 30 ದಿನ ಇರುತ್ತದೆ, ಇರುವಷ್ಟು ದಿನವೂ 15 ಜಿಬಿಯ ಲೆಕ್ಕದಲ್ಲೇ ಇರುತ್ತದೆ. ಮನೆ ಗುಡಿಸಿ ಕಸವನ್ನು ಬಾಗಿಲ ಹಿಂದೆ ಕೂಡಿಟ್ಟ ಹಾಗೆ. ಅವಳ 400 ಜಾಹೀರಾತುಗಳೂ ಅಲ್ಲೇ ಇದ್ದವು. ಬುಟ್ಟಿಯನ್ನು ತೆರೆದು ಕೊನೆಯ ಸಲ ಕಣ್ಣಾಡಿಸಿ, `Empty Bin now` ಒತ್ತಿದ ಮೇಲೆಯೇ ಜಾಗ ಖಾಲಿಯಾಗುವುದು. ಹಾಗೆ ಒತ್ತಿದ ಮೇಲೆ ಮರಳಿ ಪಡೆಯುವ ಭರವಸೆ ಇಲ್ಲ. ಆದ್ದರಿಂದ ನಕ್ಷತ್ರ ಹಾಕುವ, ಇಳಿಸಿಕೊಳ್ಳುವ ಕೆಲಸಗಳು ಇದಕ್ಕಿಂತ ಮೊದಲೇ ಮುಗಿದಿರಬೇಕು. `Archive` ಎಂಬ ಗುಂಡಿ ಮೇಲನ್ನು ಇನ್‌ಬಾಕ್ಸಿನಿಂದ ಮರೆಮಾಡುತ್ತದೆ ಅಷ್ಟೇ, ಜಾಗವನ್ನು ಒಂದು ಕೆಬಿಯೂ ಬಿಡಿಸುವುದಿಲ್ಲ ಎಂಬುದನ್ನೂ ಇಲ್ಲೇ ತೋರಿಸಿದೆ.

ನಾನು ತಪ್ಪಿದ್ದು ಎಲ್ಲಿ

ಆ ದಿನ ಮಧ್ಯಾಹ್ನ ಅವಳ ಖಾತೆಯಲ್ಲಿ 400 ಎಂಬಿಗಿಂತ ಸ್ವಲ್ಪ ಹೆಚ್ಚು ಜಾಗ ಖಾಲಿಯಾಗಿತ್ತು. ನನ್ನ ಖಾತೆಯಿಂದ ಕಳುಹಿಸಿದ ಪರೀಕ್ಷೆಯ ಮೇಲ್ ಅವಳಿಗೆ ಬಂತು. "ಮನೆಗೆ ಹೋಗಿ ದಾಖಲೆಗಳನ್ನು ಜೋಡಿಸಿಕೊಂಡು ಒಟಿಪಿ ಕೇಳು" ಎಂದು ಕಳುಹಿಸಿದೆ. ಸಂಜೆ ಒಟಿಪಿ ಬರಲಿಲ್ಲ. ಮರುದಿನ ಬೆಳಿಗ್ಗೆ ಲೆಕ್ಕ ನೋಡಿದರೆ ಮತ್ತೆ 15 ಜಿಬಿ.

ಕಾರಣ ಅವಳ ಫೋನಿನಲ್ಲಿತ್ತು. ಗೂಗಲ್ ಫೋಟೋಸ್‌ನ ಬ್ಯಾಕಪ್ ಚಾಲೂ ಇತ್ತು. ಜಾಗ ತುಂಬಿದ್ದರಿಂದ ಹಲವು ವಾರಗಳ ಫೋಟೋ, ವಿಡಿಯೋಗಳು ಸರದಿಯಲ್ಲಿ ಕಾಯುತ್ತಿದ್ದವು. ನಾವು ಜಾಗ ಮಾಡಿಕೊಟ್ಟ ಕೂಡಲೇ, ಮನೆಯ ವೈಫೈ ಸಿಕ್ಕಿದ್ದೇ ತಡ, ಅವು ಒಳಗೆ ನುಗ್ಗಿ ಕುಳಿತವು. ತೂಬು ಮುಚ್ಚದೆ ಹೊಂಡದ ನೀರು ಎತ್ತಿ ಹಾಕಿದಂತಾಯಿತು. ಈ ಹೆಜ್ಜೆ ನನ್ನ ಪಾಠಯೋಜನೆಯಲ್ಲೇ ಇರಲಿಲ್ಲ, ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರೂ ಇದನ್ನೇ ಟಿಪ್ಪಣಿಯಲ್ಲಿ ಬರೆದರು: "ಹರಿವನ್ನು ನಿಲ್ಲಿಸುವ ಹಂತ ಎಲ್ಲಿ?"

ಮರುದಿನ ಕ್ರಮವನ್ನು ಬದಲಿಸಿದೆವು. ಮೊದಲು ಫೋಟೋಸ್ ಆ್ಯಪ್‌ನಲ್ಲಿ `Backup` ನಿಲ್ಲಿಸಿದೆವು. ವಾಟ್ಸಾಪ್ ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸುವುದನ್ನು ತೆಗೆದೆವು. ನಂತರ ಫೋಟೋಸ್‌ನಲ್ಲಿದ್ದ ಒಂದು ಮದುವೆಯ ದೊಡ್ಡ ವಿಡಿಯೋಗಳನ್ನು ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ಇಳಿಸಿ, ತೆರೆದು ನೋಡಿ, ಆಮೇಲೆ ಖಾತೆಯಿಂದ ಅಳಿಸಿ ಅಲ್ಲಿನ ಬುಟ್ಟಿಯನ್ನೂ ಖಾಲಿ ಮಾಡಿದೆವು. ಸುಮಾರು 3 ಜಿಬಿ ಬಿಡುವಾಯಿತು. ಅದೇ ಆ್ಯಪ್‌ನಲ್ಲಿರುವ `Free up space` ಎಂಬ ಗುಂಡಿಯನ್ನು ಇದಕ್ಕಾಗಿ ಒತ್ತಬಾರದು. ಅದು ಫೋನಿನಲ್ಲಿರುವ ಪ್ರತಿಗಳನ್ನು ತೆಗೆದು ಫೋನಿನ ಜಾಗ ಬಿಡಿಸುತ್ತದೆ. ಖಾತೆಯ ಜಾಗ ಹಾಗೇ ಇರುತ್ತದೆ. ಆಮೇಲೆ ಖಾತೆಯಿಂದಲೂ ಅಳಿಸಿದರೆ ಚಿತ್ರ ಎರಡೂ ಕಡೆ ಇಲ್ಲವಾಗುತ್ತದೆ.

ನಾಲ್ಕನೆಯ ಹಂತ: ಒಟಿಪಿಯನ್ನು ಯಾವಾಗ ಕೇಳುವುದು

ಬುಟ್ಟಿ ಖಾಲಿ ಮಾಡಿದ ಕ್ಷಣದಲ್ಲೇ ಲೆಕ್ಕ ಇಳಿಯದಿರಬಹುದು. ಕೆಲವೊಮ್ಮೆ ಕೆಲವು ಗಂಟೆ, ಒಂದು ದಿನವೂ ಬೇಕಾಗುತ್ತದೆ. ಆದ್ದರಿಂದ ಅರ್ಜಿಯ ಕೊನೆಯ ದಿನದವರೆಗೆ ಕಾಯಬಾರದು. ಲೆಕ್ಕ ಇಳಿದಿದೆಯೇ ನೋಡಬೇಕು, ಪರೀಕ್ಷೆಯ ಮೇಲ್ ತರಿಸಿಕೊಳ್ಳಬೇಕು, ಆಮೇಲೆ ಒಂದೇ ಒಂದು ಸಲ ಹೊಸ ಒಟಿಪಿ ಕೇಳಬೇಕು.

ಒಂದೇ ಸಲ ಏಕೆ? ಜಾಗ ತುಂಬಿದ್ದಾಗ 4.2.2 ಉತ್ತರ ಪಡೆದ ಸರ್ವರ್‌ಗಳು ಮೇಲನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಕಳುಹಿಸಲು ನೋಡುತ್ತವೆ. ನಾಲ್ಕೈದು ದಿನ ಹೀಗೆ ಪ್ರಯತ್ನಿಸುವುದು ಮೇಲ್ ವ್ಯವಸ್ಥೆಯ ರೂಢಿ. ಹಾಗಾಗಿ ಜಾಗ ಆದ ಮೇಲೆ ನಿನ್ನೆ ಮೊನ್ನೆಯ ಒಟಿಪಿಗಳೂ ಬಂದು ಇಳಿಯಬಹುದು. ಅವುಗಳ ಅವಧಿ ಎಂದೋ ಮುಗಿದಿರುತ್ತದೆ. ಅವಳಿಗೂ ಹಳೆಯ ಎರಡು ಒಟಿಪಿ ಹೊಸದರ ಜೊತೆ ಬಂದಿದ್ದವು. ಮೇಲನ್ನು ತೆರೆದು ಅದು ಹೊರಟ ಸಮಯ ನೋಡಿ, ಈಗ ಕೇಳಿದ್ದನ್ನೇ ಹಾಕಬೇಕು ಎಂದು ಹೇಳಿಕೊಟ್ಟಿದ್ದರಿಂದ ಅವಳು ತಪ್ಪಲಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಅರ್ಜಿ ಸಲ್ಲಿಕೆಯಾಯಿತು.

ಇನ್ನೊಂದು ಸಾಧ್ಯತೆಯನ್ನೂ ತರಗತಿಗೆ ಹೇಳಿದೆ. ದೊಡ್ಡ ಪ್ರಮಾಣದಲ್ಲಿ ಮೇಲ್ ಕಳುಹಿಸುವ ಕೆಲವು ಸೇವೆಗಳು, ಒಂದು ವಿಳಾಸದಿಂದ ಮೇಲ್ ಮರಳಿ ಬಂದರೆ ಆ ವಿಳಾಸವನ್ನು "ಕಳುಹಿಸಬೇಡ" ಎಂಬ ಪಟ್ಟಿಗೆ ಸೇರಿಸುತ್ತವೆ. ಗೆಳತಿಯ ಮೇಲ್ ಬರುತ್ತಿದೆ, ಜಾಗವೂ ಇದೆ, ಸ್ಪ್ಯಾಮ್‌ನಲ್ಲೂ ಇಲ್ಲ, ಆದರೂ ಆ ಒಂದು ಜಾಲತಾಣದ ಒಟಿಪಿ ಮಾತ್ರ ಬರುತ್ತಿಲ್ಲ ಎಂದರೆ ಇದೇ ಕಾರಣವಿರಬಹುದು. ಇದನ್ನು ನಮ್ಮ ಕಡೆಯಿಂದ ಸರಿಪಡಿಸಲು ಆಗುವುದಿಲ್ಲ. ಆ ತಾಣದ ಸಹಾಯವಾಣಿಗೆ ಅರ್ಜಿ ಸಂಖ್ಯೆ ಕೊಟ್ಟು, "ಇನ್‌ಬಾಕ್ಸ್ ತುಂಬಿ ಮೇಲ್ ಮರಳಿ ಹೋಗಿತ್ತು, ಈಗ ಜಾಗವಿದೆ, ತಡೆಪಟ್ಟಿಯಿಂದ ತೆಗೆಯಿರಿ" ಎಂದು ಸ್ಪಷ್ಟವಾಗಿ ಬರೆಯಬೇಕು.

ಮೌಲ್ಯಮಾಪನ

ಪಾಠದ ಕೊನೆಗೆ ಮೂರು ಪ್ರಶ್ನೆ ಕೊಟ್ಟು, ಒಂದೆರಡು ವಾಕ್ಯಗಳಲ್ಲಿ ಬರೆಯಿಸಿದೆ.

1. ರವಿ 1,000 ಜಾಹೀರಾತು ಮೇಲ್ ಡಿಲೀಟ್ ಮಾಡಿದ. ಖಾತೆಯ ಲೆಕ್ಕ ಸ್ವಲ್ಪವೂ ಇಳಿಯಲಿಲ್ಲ. ಎರಡು ಕಾರಣ ಬರೆಯಿರಿ.

2. ನಿಮ್ಮ ಅಣ್ಣ ನಿಮಗೆ ಮೇಲ್ ಕಳುಹಿಸಿದಾಗ ಅವನಿಗೆ 5.1.1 ಎಂದು ಮರಳಿ ಬಂತು. ನೀವು ಇನ್‌ಬಾಕ್ಸ್ ಖಾಲಿ ಮಾಡಬೇಕೆ?

3. ಈ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಬರೆಯಿರಿ: ಬುಟ್ಟಿ ಖಾಲಿ ಮಾಡುವುದು, ಒಟಿಪಿ ಕೇಳುವುದು, ಬ್ಯಾಕಪ್ ನಿಲ್ಲಿಸುವುದು, ದೊಡ್ಡ ಮೇಲ್ ಡಿಲೀಟ್ ಮಾಡುವುದು, ಬೇಕಾದ ಕಡತ ಇಳಿಸಿ ತೆರೆದು ನೋಡುವುದು, ಪರೀಕ್ಷೆಯ ಮೇಲ್ ತರಿಸುವುದು.

ಮೊದಲ ಪ್ರಶ್ನೆಗೆ ಹೆಚ್ಚಿನವರು ಬುಟ್ಟಿಯ ಕಾರಣವನ್ನೂ ಗಾತ್ರದ ಕಾರಣವನ್ನೂ ಬರೆದರು. ಎರಡನೆಯದಕ್ಕೆ "ಬೇಡ, ಅಣ್ಣ ವಿಳಾಸ ತಪ್ಪು ಬರೆದಿದ್ದಾನೆ" ಎಂಬ ಉತ್ತರ ಬಂತು. ಮೂರನೆಯದರಲ್ಲಿ ಒಂಬತ್ತು ಮಂದಿ ಬ್ಯಾಕಪ್ ನಿಲ್ಲಿಸುವುದನ್ನು ಕೊನೆಯಲ್ಲಿ ಬರೆದರು. ಸರಿಯಾದ ಕ್ರಮ: ಬ್ಯಾಕಪ್ ನಿಲ್ಲಿಸು, ಇಳಿಸಿ ತೆರೆದು ನೋಡು, ಡಿಲೀಟ್ ಮಾಡು, ಬುಟ್ಟಿ ಖಾಲಿ ಮಾಡು, ಪರೀಕ್ಷೆಯ ಮೇಲ್ ತರಿಸು, ಒಟಿಪಿ ಕೇಳು.

ಮುಂದೆ ಬೋಧಿಸುವವರಿಗೆ

ಇದೇ ಪಾಠವನ್ನು ಇನ್ನೊಂದು ವಿಭಾಗಕ್ಕೆ ಬೋಧಿಸಿದಾಗ ಎರಡು ಬದಲಾವಣೆ ಮಾಡಿದೆ. ಚೀಟಿಗಳ ಚಟುವಟಿಕೆಯ ನಡುವೆ, ಗುಂಪುಗಳು ಜಾಗ ಮಾಡಿದ ಕೂಡಲೇ ನಾನೇ ಹೋಗಿ "ಫೋನಿನಿಂದ ಬಂದ ವಿಡಿಯೋ, 40 ಎಂಬಿ" ಎಂಬ ಹೊಸ ಚೀಟಿಯನ್ನು ಲಕೋಟೆಗೆ ಹಾಕಿದೆ. "ಇದು ಎಲ್ಲಿಂದ ಬಂತು?" ಎಂದು ಅವರೇ ಕೇಳಿದರು; ಬ್ಯಾಕಪ್ ನಿಲ್ಲಿಸುವ ಹಂತವನ್ನು ಬೇರೆಯಾಗಿ ವಿವರಿಸುವ ಅಗತ್ಯ ಬೀಳಲಿಲ್ಲ. ಎರಡನೆಯದಾಗಿ, ತೆಗೆದ ಚೀಟಿಗಳನ್ನು ಇಡಲು ಪ್ರತಿ ಗುಂಪಿಗೂ ಒಂದು ಸಣ್ಣ ಡಬ್ಬಿ ಕೊಟ್ಟು, ಡಬ್ಬಿಯ ತೂಕವೂ ಲಕೋಟೆಯದೇ ಎಂದು ನಿಯಮ ಮಾಡಿದೆ. ಡಬ್ಬಿಯನ್ನು ನನ್ನ ಮೇಜಿಗೆ ತಂದು ಸುರಿದಾಗ ಮಾತ್ರ ಜಾಗ ಸಿಗುತ್ತದೆ, ಸುರಿದದ್ದನ್ನು ಮರಳಿ ಕೇಳುವಂತಿಲ್ಲ. ಆ ವಿಭಾಗದಲ್ಲಿ ಮಕ್ಕಳು ಸುರಿಯುವ ಮೊದಲು ಚೀಟಿಗಳ ಹಿಂಬದಿಯನ್ನು ತಿರುಗಿಸಿ ನೋಡಿದರು. `scan001` ಚೀಟಿಯನ್ನು ಒಂದು ಗುಂಪು ಮಾತ್ರ ಕಳೆದುಕೊಂಡಿತು.